ಎಫ್‌ಡಿ ಬಡ್ಡಿ ಕಳೆದ ಮೇಲೆ ಎಷ್ಟು ಉಳಿಯಿತು?

ನನ್ನ ಹತ್ತಿರ ಎರಡು ಮ್ಯೂಚುವಲ್ ಫಂಡುಗಳಿದ್ದವು. ಒಂದು ಮಧ್ಯಮ ಗಾತ್ರದ ಕಂಪನಿಗಳ ಷೇರುಗಳ ಮಿಡ್‌ಕ್ಯಾಪ್, ಇನ್ನೊಂದು ಷೇರು, ಸಾಲಪತ್ರ ಎರಡೂ ಇರುವ ಹೈಬ್ರಿಡ್. ಮೂರು ವರ್ಷದಲ್ಲಿ ಮಿಡ್‌ಕ್ಯಾಪ್ ವರ್ಷಕ್ಕೆ ಸರಾಸರಿ ಶೇ. 16 ಕೊಟ್ಟಿತ್ತು, ಹೈಬ್ರಿಡ್ ಶೇ. 12. ಎಸ್‌ಐಪಿ ಜಾಸ್ತಿ ಮಾಡಬೇಕಿತ್ತು. ಆದರೆ ಯಾವುದರಲ್ಲಿ? 16 ದೊಡ್ಡದು ಅಂತ ಸುಮ್ನೆ ಅಲ್ಲಿಗೇ ಹಾಕಲು ಮನಸ್ಸು ಒಪ್ಪಲಿಲ್ಲ.

ಏರಿಳಿತಕ್ಕೆ ತಕ್ಕ ಗಳಿಕೆ ಬಂತೇ ಎಂದು ತೋರಿಸುವ ಶಾರ್ಪ್ ರೇಶಿಯೋ ನಾನೇ ಲೆಕ್ಕ ಹಾಕಿದೆ. ಫಂಡಿನ ಗಳಿಕೆಯಲ್ಲಿ ಎಫ್‌ಡಿ ಬಡ್ಡಿ ಕಳೆಯಬೇಕು, ಉಳಿದದ್ದನ್ನು ಏರಿಳಿತದಿಂದ ಭಾಗಿಸಬೇಕು. ಅಪಾಯವೇ ಇಲ್ಲದೆ ಬ್ಯಾಂಕಿನಲ್ಲಿ ಸಿಗುವ ಹಣಕ್ಕೆ ಫಂಡನ್ನು ಮೆಚ್ಚುವುದು ಯಾಕೆ, ಅಲ್ವಾ?

ಫಂಡ್ ಕಂಪನಿಗಳ ಸಂಘವಾದ ಆಂಫಿಯ ವೆಬ್‌ಸೈಟಿನಿಂದ ತಿಂಗಳ ಕೊನೆಯ 37 ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ತೆಗೆದು `B` ಕಾಲಂನಲ್ಲಿ ಹಾಕಿದೆ. `C2`ರ ಸೂತ್ರವನ್ನು `C37`ರವರೆಗೆ ಎಳೆದಾಗ 36 ತಿಂಗಳ ಗಳಿಕೆ `C` ಕಾಲಂನಲ್ಲಿ ಬಂತು.

```
C2:  =B2/B1-1
E1:  =AVERAGE(C2:C37)*12
E2:  =STDEV.S(C2:C37)*SQRT(12)
E3:  =(E1-7%)/E2
```

ಮೊದಲ ಸಲ ಹೈಬ್ರಿಡ್ ಲೆಕ್ಕ ತಪ್ಪಿತು. ಮಾರುಕಟ್ಟೆ ಏರಿದ್ದ ತಿಂಗಳಲ್ಲೂ ಗಳಿಕೆ ಮೈನಸ್ ತೋರಿಸುತ್ತಿತ್ತು. ನೋಡಿದರೆ ನಾನು `Growth` ಬದಲು `IDCW` ಎನ್‌ಎವಿ ತೆಗೆದಿದ್ದೆ. ಅದರಲ್ಲಿ ಹಣ ಹಂಚಿದಾಗಲೆಲ್ಲ ಎನ್‌ಎವಿ ಇಳಿಯುತ್ತದೆ. ಅದು ನಷ್ಟವಲ್ಲ, ಆದರೆ ಲೆಕ್ಕಕ್ಕೆ ನಷ್ಟವಾಗಿಯೇ ಕಾಣುತ್ತದೆ.

ಸರಿಪಡಿಸಿದ ಮೇಲೆ ಮಿಡ್‌ಕ್ಯಾಪ್‌ನ ಏರಿಳಿತ ಶೇ. 18, ಹೈಬ್ರಿಡ್‌ನದು ಶೇ. 9 ಬಂತು. ನನ್ನ ಎಫ್‌ಡಿ ಬಡ್ಡಿ ಶೇ. 7. ಹಾಗಾಗಿ ಮಿಡ್‌ಕ್ಯಾಪ್‌ಗೆ 9/18, ಅಂದರೆ 0.50. ಹೈಬ್ರಿಡ್‌ಗೆ 5/9, ಅಂದರೆ 0.56. ಕಡಿಮೆ ಗಳಿಸಿದ ಫಂಡೇ ಮುಂದೆ ಬಂತು.

ಆಮೇಲೆ ಬಡ್ಡಿ ದರ ಬದಲಿಸಿ ನೋಡಿದೆ. ನನಗೆ ಹೆಚ್ಚು ಕಲಿಸಿದ್ದು ಇದೇ. ಶೇ. 5.5 ಹಾಕಿದರೆ 0.58 ಮತ್ತು 0.72, ಹೈಬ್ರಿಡ್ ಬಹಳ ಮುಂದೆ. ಶೇ. 8 ಹಾಕಿದರೆ ಎರಡೂ 0.44, ಸಮ. ಶೇ. 8.5ಕ್ಕೆ ಮಿಡ್‌ಕ್ಯಾಪ್ 0.42, ಹೈಬ್ರಿಡ್ 0.39. ಫಂಡುಗಳು ಅವೇ, ಗೆದ್ದದ್ದು ಮಾತ್ರ ಬೇರೆ! ಕಾರಣ ಸರಳ. ಬಡ್ಡಿ ಒಂದು ಪಾಯಿಂಟ್ ಏರಿದರೆ ಎರಡೂ ಕಡೆ ಮೇಲಿನ ಅಂಕಿ ಒಂದು ಪಾಯಿಂಟೇ ಇಳಿಯುತ್ತದೆ. ಆದರೆ 9ರಿಂದ ಭಾಗಿಸುವ ಕಡೆ ಆ ಏಟು ಎರಡರಷ್ಟು.

ಆದ್ದರಿಂದ ಫ್ಯಾಕ್ಟ್‌ಶೀಟಿನಲ್ಲಿ ಅಚ್ಚಾದ ಶಾರ್ಪ್ ಅಂಕಿಯನ್ನು ನನ್ನ ಅಂಕಿಯ ಪಕ್ಕ ಇಟ್ಟು ನೋಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಸಾಲದ ದರ, ಅಂದರೆ ಮೈಬಾರ್, ಹಾಕಿರುತ್ತಾರೆ. ಅದು ನನ್ನ ಎಫ್‌ಡಿ ದರ ಅಲ್ಲ.

ಇನ್ನೊಂದು ಅನುಮಾನ ಉಳಿದಿತ್ತು. ನನ್ನ 36 ತಿಂಗಳಲ್ಲಿ 2020ರ ಮಾರ್ಚ್‌ನಂಥ ಕುಸಿತ ಇರಲಿಲ್ಲ. ಅಂಥ ಒಂದು ತಿಂಗಳು ಸೇರಿದರೆ ಮಿಡ್‌ಕ್ಯಾಪ್‌ನ 18 ಹಾಗೇ ಉಳಿಯುವುದಿಲ್ಲ. ಹೆಚ್ಚುವರಿ ಎಸ್‌ಐಪಿಯನ್ನು ಹೈಬ್ರಿಡ್‌ಗೆ ಹಾಕಿದೆ. ಎಫ್‌ಡಿ ನವೀಕರಿಸುವಾಗಲೆಲ್ಲ `E3`ರಲ್ಲಿನ 7% ತಿದ್ದಿ ಮತ್ತೆ ನೋಡುತ್ತೇನೆ.