ಠರಾವಿನ ಕೆಳಗೆ ನನ್ನ ವಿರೋಧ ಬರೆಸಿದ್ದು: ನನ್ನ ಅನುಭವ

‘ಪಾಸಾದ ಠರಾವಿಗೆ ಆಮೇಲೆ ವಿರೋಧ ಬರೆಸೋಕಾಗಲ್ಲ’ ಎಂದು ನಮ್ಮ ಸಹಕಾರ ಸಂಘದ ಹಳೇ ನಿರ್ದೇಶಕರೆಲ್ಲ ಹೇಳುತ್ತಿದ್ದರು. ಆಗುತ್ತದೆ. ದಾವಣಗೆರೆ ಹತ್ತಿರದ ನಮ್ಮ ಸಂಘದ ನಡವಳಿ ಪುಸ್ತಕದಲ್ಲಿ ಆ ಸಾಲು ಇದೆ, ಬರೆಸಿದವನು ನಾನೇ.

ವಿಷಯ ಮೆಕ್ಕೆಜೋಳದ ಗೋದಾಮಿನ ಚಾವಣಿ ರಿಪೇರಿ. ಹೆಚ್ಚೂಕಡಿಮೆ 8 ಲಕ್ಷದ ಕೆಲಸ, ಬಂದಿದ್ದು ಒಂದೇ ಕೊಟೇಶನ್. ಸಭೆಯಲ್ಲೇ ಬೇಡ ಅಂದೆ. ಉಳಿದವರು ಒಪ್ಪಿದರು. ಕರಡು ನಡವಳಿ ನೋಡಿದರೆ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದಿತ್ತು! ನಾಳೆ ಸಂಘಕ್ಕೆ ನಷ್ಟವಾಗಿ ಸಹಕಾರ ಕಾಯ್ದೆಯ 69ನೇ ಕಲಂ ಕೆಳಗೆ ನಿರ್ದೇಶಕರಿಂದ ವಸೂಲಿಯ ಮಾತು ಬಂದರೆ, ಆ ಪದ ನನ್ನನ್ನೂ ಸೇರಿಸಿಕೊಳ್ಳುತ್ತದೆ.

ಮೊದಲು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ, ಯಾರೂ ಲೆಕ್ಕಕ್ಕಿಡಲಿಲ್ಲ. ಸಹಿ ಪಕ್ಕ ‘ವಿರೋಧವಿದೆ’ ಎಂದು ಬರೆಯಲು ಹೋದೆ. ‘ಅಣ್ಣಾ, ಪುಸ್ತಕ ಕೆಡಿಸಬೇಡಿ’ ಎಂದು ಕಾರ್ಯದರ್ಶಿ ಪೆನ್ನು ಹಿಡಿದುಕೊಂಡರು. ಆಮೇಲೆ ಮೂರು ಪುಟದ ಪತ್ರ ಕೊಟ್ಟೆ. ಕೊಟೇಶನ್ ಕೊಟ್ಟವರು ಯಾರ ಕಡೆಯವರು, ತನಿಖೆ ಬೇಕು, ಎಲ್ಲ ಇತ್ತು. ಅದು ದೂರಿನ ಫೈಲಿಗೆ ಹೋಯಿತು. ತನಿಖೆ ಕೇಳಿದ ಕೂಡಲೇ ಅದು ನಡವಳಿಯ ವಿಷಯವಾಗಿ ಉಳಿಯುವುದಿಲ್ಲ.

ಕೆಲಸ ಮಾಡಿದ್ದು ಅರ್ಧ ಪುಟದ ಪತ್ರ. ಅದರ ಜೀವ ಇಷ್ಟೇ:

‘ಸದರಿ ಸಭೆಯ ವಿಷಯ ಸಂಖ್ಯೆ 4ರ ಠರಾವನ್ನು, ಒಂದೇ ಕೊಟೇಶನ್ ಇದ್ದ ಕಾರಣಕ್ಕೆ ನಾನು ಸಭೆಯಲ್ಲಿ ವಿರೋಧಿಸಿದ್ದೇನೆ. ಠರಾವನ್ನು ಮರುಪರಿಶೀಲಿಸಲು ಕೋರುತ್ತಿಲ್ಲ. ಸರ್ವಾನುಮತ ಎಂಬುದನ್ನು ಬಹುಮತ ಎಂದು ತಿದ್ದಿ, ನನ್ನ ವಿರೋಧವನ್ನು ಠರಾವಿನ ಕೆಳಗೆ ದಾಖಲಿಸಬೇಕೆಂದು ಕೋರುತ್ತೇನೆ.’

ನಡುವಿನ ವಾಕ್ಯವೇ ಮುಖ್ಯ. ಇವನು ಕೆಲಸ ನಿಲ್ಲಿಸುತ್ತಾನೆ ಅನ್ನುವ ಭಯ ಅಧ್ಯಕ್ಷರ ಮನಸ್ಸಿನಿಂದ ಹೋಗಬೇಕು. ವಿಳಾಸ ಯಾರ ಹೆಸರಿಗೆ ಹಾಕಿದೆ, ಯಾವ ಹೊತ್ತಿಗೆ ಕೊಟ್ಟೆ ಅನ್ನೋದು ನನ್ನಲ್ಲೇ ಇರಲಿ.

ಎರಡು ಪ್ರತಿ ಮಾಡಿ, ನನ್ನ ಪ್ರತಿಯ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಂಡೆ. ಮತ್ತೊಂದು ನಕಲನ್ನು ಅಂಚೆಯಲ್ಲೂ ಕಳಿಸಿದೆ. ಜೆರಾಕ್ಸ್, ಅಂಚೆ ಸೇರಿ ನೂರು ರೂಪಾಯಿಯೂ ಆಗಲಿಲ್ಲ.

ಮುಂದಿನ ಸಭೆಯ ಮೊದಲ ವಿಷಯವೇ ಹಿಂದಿನ ನಡವಳಿ ದೃಢೀಕರಣ. ಓದಿ ಮುಗಿಸುವ ಮೊದಲೇ ಎದ್ದು ಆವಕ ಸಂಖ್ಯೆ ಹೇಳಿದೆ. ತಿದ್ದುಪಡಿಗೆ ಸಲೀಸಾದ ಜಾಗ ಅದೊಂದೇ. ದೃಢೀಕರಣ ಆಗಿಹೋದರೆ ತಿದ್ದಿಸಲು ಮತ್ತೆ ಬಹುಮತ ಹುಡುಕಬೇಕು, ಅದು ಎಲ್ಲಿ ಸಿಗುತ್ತೆ? ಅಧ್ಯಕ್ಷರು ‘ಬರಕೊಳ್ರಿ, ಅವರದ್ದೊಂದು ಸಾಲು ತಾನೇ’ ಅಂದರು.

ಸಭೆಯಲ್ಲಿ ಸುಮ್ನೆ ಕೂತವರಿಗೆ ಈ ಪತ್ರ ಉಪಯೋಗಕ್ಕೆ ಬರಲ್ಲ. ನಡವಳಿಯಲ್ಲಿ ಬರಬೇಕಾದ್ದು ಸಭೆಯಲ್ಲಿ ನಡೆದದ್ದು ಮಾತ್ರ. ಗೈರಾದವರು ಗೈರು ಎಂದಷ್ಟೇ ಬರೆಸಬಹುದು.

ಚಾವಣಿ ಕೆಲಸ ನಡೆದೇ ನಡೆಯಿತು. ಲೆಕ್ಕಪರಿಶೋಧನೆಯಲ್ಲಿ ಒಂದೇ ಕೊಟೇಶನ್ ಬಗ್ಗೆ ಆಕ್ಷೇಪ ಬಂತು, ನಿರ್ದೇಶಕರೆಲ್ಲ ಉತ್ತರ ಬರೆಯಬೇಕಾಯಿತು. ನಾನು ಮೊಹರಿದ್ದ ಪ್ರತಿ ಮತ್ತು ಆ ಪುಟದ ಜೆರಾಕ್ಸ್ ಲಗತ್ತಿಸಿದೆ. ಆಗಲ್ಲ ಎಂದಿದ್ದ ಹಿರಿಯರೊಬ್ಬರು ಈಚೆಗೆ ಅದೇ ಪತ್ರದ ನಕಲು ಕೇಳಿಕೊಂಡು ಹೋದರು.