ಬಿಲ್ ಕೌಂಟರ್‌ನಲ್ಲಿ ತಪ್ಪು ಹಿಡಿಯುವ ಐದು ಸಾಲಿನ ಚೀಟಿ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಬಿಲ್ ವಿಭಾಗದ ಗೋಡೆಗೆ ಚೆಕ್‌ಲಿಸ್ಟ್ ಅಂಟಿಸಿಲ್ಲದ ಕಂಪನಿ ಅಪರೂಪ. ಇಪ್ಪತ್ತೈದು ಸಾಲು, ಪ್ರತಿ ಸಾಲಿಗೆ ಒಂದು ಚೌಕ. ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ, ಬಿಲ್ ಮಾತ್ರ ತಪ್ಪಾಗಿ ಹೋಗಿರುತ್ತದೆ. ಹೊರಗೆ ಡ್ರೈವರ್ "ಗಾಡಿ ನಿಂತೈತ್ರಿ, ಬಿಲ್ ಲಗೂ ಕೊಡ್ರಿ" ಎನ್ನುತ್ತಿರುವಾಗ ಇಪ್ಪತ್ತೈದು ಸಾಲನ್ನು ಯಾರೂ ಓದುವುದಿಲ್ಲ, ಟಿಕ್ಕನ್ನು ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಐದು ಸಾಲಿಗಿಂತ ಹೆಚ್ಚು ಬೇಡ.

1. ಯಾವ ತಪ್ಪು ಎಂದು ಮೊದಲು ಎಣಿಸಿ. ಕಳೆದ ಮೂರು ತಿಂಗಳ ಕ್ರೆಡಿಟ್ ನೋಟು ಮತ್ತು ರದ್ದಾದ ಬಿಲ್ಲುಗಳನ್ನು ಹೊರಗೆ ತೆಗೆದು, ಒಂದೊಂದರ ಮುಂದೆ ಕಾರಣ ಬರೆಯಿರಿ. ಮೇಲಿಂದ ಮೇಲೆ ಬರುವ ಕಾರಣಗಳಿಗಷ್ಟೇ ಚೀಟಿಯಲ್ಲಿ ಜಾಗ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆ ತಂದು ಅಂಟಿಸಬೇಡಿ, ಅದರಲ್ಲಿ ನಿಮ್ಮ ತಪ್ಪು ಇರುವುದಿಲ್ಲ.

2. ಚೀಟಿ ತುಂಬಲು ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡಿ. ವಾರ್ಷಿಕ ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರಾದರೆ, ಪೋರ್ಟಲ್ ಕೊಡುವ ಬಿಲ್ಲಿನ ನೋಂದಣಿ ಸಂಖ್ಯೆ, ಅಂದರೆ ಐಆರ್‌ಎನ್, ಪಡೆಯುವ ಮುಂಚಿನ ಕ್ಷಣವೇ ಆ ಜಾಗ. ಅಲ್ಲಿಯವರೆಗೆ ತಿದ್ದುವುದು ಅರ್ಧ ನಿಮಿಷದ ಕೆಲಸ. ಆಮೇಲೆ ರದ್ದು ಮಾಡಲು 24 ಗಂಟೆ ಮಾತ್ರ, ಅದೂ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದು ಮಾಡಬೇಕು. ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲು ಬರುವುದಿಲ್ಲ. 24 ಗಂಟೆ ಮೀರಿದರೆ ಕ್ರೆಡಿಟ್ ನೋಟು, ಹೊಸ ಬಿಲ್ಲು, ಪಾರ್ಟಿಗೆ ಫೋನು. ಇ-ಇನ್‌ವಾಯ್ಸ್ ಇಲ್ಲದ ಸಣ್ಣವರು ಬಿಲ್ ಡ್ರೈವರ್ ಕೈಗೆ ಹೋಗುವ ಮುಂಚೆ ನಿಲ್ಲಲಿ.

3. ಸಾಲುಗಳನ್ನು ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. "ಜಿಎಸ್‌ಟಿ ಸರಿ ಇದೆಯೇ?" ಎಂಬ ಸಾಲಿಗೆ ಬಿಲ್ ನೋಡದೆಯೂ "ಹೌದು" ಎನ್ನಬಹುದು. ಸಾಲು ಹೇಗಿರಬೇಕೆಂದರೆ, ಕಾಗದ ನೋಡದೆ ಅದನ್ನು ತುಂಬಲು ಆಗಬಾರದು. ಟಿಕ್‌ನ ಬದಲು ಕಂಡದ್ದನ್ನು ಬರೆಸಿ.

ನಮ್ಮ ಗಡಿ ಭಾಗದಲ್ಲಿ ಮತ್ತೆ ಮತ್ತೆ ಆಗುವ ಒಂದು ತಪ್ಪನ್ನೇ ನೋಡಿ. ಬೆಳಗಾವಿಯ ಫೌಂಡ್ರಿಗೆ ಬೆಳಗಾವಿಯದೇ ವ್ಯಾಪಾರಿಯೊಬ್ಬರ ಪಿಒ ಬರುತ್ತದೆ: 2,000 ಕೆಜಿ ಎರಕದ ಭಾಗಗಳು, ಕೆಜಿಗೆ 92 ರೂಪಾಯಿ, ಮಾಲನ್ನು ನೇರವಾಗಿ ಕೊಲ್ಹಾಪುರದ ತಮ್ಮ ಗಿರಾಕಿಗೆ ಇಳಿಸಬೇಕು. ಮಾಲಿನ ಬೆಲೆ 1,84,000, ತೆರಿಗೆ ಶೇ 18ರಂತೆ 33,120. ಬಿಲ್ ಮಾಡುವವರು ಕೊಲ್ಹಾಪುರ ಎಂಬ ಹೆಸರು ನೋಡಿ, ಪ್ಲೇಸ್ ಆಫ್ ಸಪ್ಲೈ ಮಹಾರಾಷ್ಟ್ರ ಎಂದು ಆರಿಸಿ ಐಜಿಎಸ್‌ಟಿ ಹಾಕುತ್ತಾರೆ. ತಪ್ಪು. ಮಾಲು ಎಲ್ಲಿಯೇ ಇಳಿಯಲಿ, ಇಳಿಸಲು ಹೇಳಿದವರು ಬೆಳಗಾವಿಯವರು. ಐಜಿಎಸ್‌ಟಿ ಕಾಯ್ದೆಯ 10(1)(ಬಿ) ಪ್ರಕಾರ ಮಾಲು ಅವರಿಗೇ ತಲುಪಿದಂತೆ ಲೆಕ್ಕ, ಪ್ಲೇಸ್ ಆಫ್ ಸಪ್ಲೈ ಕರ್ನಾಟಕ. ಸಿಜಿಎಸ್‌ಟಿ 16,560, ಎಸ್‌ಜಿಎಸ್‌ಟಿ 16,560 ಎಂದೇ ಬರಬೇಕು. ಮುಂದೆ ಆ ವ್ಯಾಪಾರಿ ಕೊಲ್ಹಾಪುರದವರಿಗೆ ಮಾಡುವ ಬಿಲ್ಲಿನಲ್ಲಿ ಐಜಿಎಸ್‌ಟಿ ಬರುತ್ತದೆ, ಅದು ಅವರ ಕೆಲಸ.

ಈ ತಪ್ಪು ಯಾಕೆ ಸಿಕ್ಕಿಬೀಳುವುದಿಲ್ಲ ಗೊತ್ತೇ? ಹೇಗೆ ಮಾಡಿದರೂ ಬಿಲ್ ಮೊತ್ತ 2,17,120. ಸಹಿ ಹಾಕುವ ಮ್ಯಾನೇಜರ್ ಮೊತ್ತ ನೋಡುತ್ತಾರೆ, ಮೊತ್ತ ಸರಿಯಿದೆ. ಪೋರ್ಟಲ್ ಕೂಡ ನೀವು ಆರಿಸಿದ ರಾಜ್ಯಕ್ಕೂ ಹಾಕಿದ ತೆರಿಗೆಗೂ ತಾಳೆಯಾಗುತ್ತದೆಯೇ ಎಂದಷ್ಟೇ ನೋಡುತ್ತದೆ, ಪಿಒ ಏನಿತ್ತು ಎಂದು ಅದಕ್ಕೆ ಗೊತ್ತಿಲ್ಲ. ಐಆರ್‌ಎನ್ ಬಂತೆಂದರೆ ಬಿಲ್ ಸರಿ ಎಂದಲ್ಲ.

ಇದರ ತಿರುವೂ ಉಂಟು. ಕೊಲ್ಹಾಪುರದ ಪಾರ್ಟಿ ಮಾಲು ಕೊಂಡು, "ನಿಮ್ಮೂರಿನ ಮಶೀನ್‌ಶಾಪಿಗೇ ಇಳಿಸಿ" ಎನ್ನುತ್ತದೆ. ಗಾಡಿ ಊರು ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಆದರೂ ಬಿಲ್ಲಿಗೆ ಐಜಿಎಸ್‌ಟಿಯೇ.

ಹಾಗಾಗಿ ಚೀಟಿಯ ಸಾಲು ಊರಿನ ಹೆಸರು ಕೇಳಬಾರದು, ಅಂಕಿ ಕೇಳಬೇಕು. ಜಿಎಸ್‌ಟಿಐಎನ್‌ನ ಮೊದಲ ಎರಡು ಅಂಕಿ ರಾಜ್ಯದ ಸಂಕೇತ: ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ಚೀಟಿ ಇಷ್ಟೇ:

1. ಪಿಒ ನಂಬರ್ ____ ಕೊನೆಯ ತಿದ್ದುಪಡಿಯ ದಿನಾಂಕ ____
2. ಬಿಲ್ ಟು ಪಾರ್ಟಿಯ ಜಿಎಸ್‌ಟಿಐಎನ್ ಮೊದಲ ಎರಡಂಕಿ, ಪಿಒದಿಂದ ____
3. ಬಿಲ್ಲಿನಲ್ಲಿ ಬಿದ್ದ ತೆರಿಗೆ ____ (29 ಇದ್ದರೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ, ಬೇರೆ ಇದ್ದರೆ ಐಜಿಎಸ್‌ಟಿ)
4. ದರ ಕೆಜಿಗೋ, ನಗಕ್ಕೋ ____ ಕಾಟಾ ಚೀಟಿಯ ತೂಕ ____
5. ಗಾಡಿ ನಂಬರ್, ಗಾಡಿ ನೋಡಿ ಬರೆದದ್ದು ____

ಎರಡನೆಯ ಸಾಲಿನ "ಪಿಒದಿಂದ" ಎಂಬ ಮಾತನ್ನು ಬಿಡಬೇಡಿ. ಪರದೆಯಿಂದ ಬರೆದುಕೊಂಡರೆ ಇದ್ದ ತಪ್ಪನ್ನೇ ನಕಲು ಮಾಡಿದಂತಾಗುತ್ತದೆ. ಮೂರನೆಯ ಸಾಲಿಗೆ ಒಂದು ಅಪವಾದವಿದೆ. ಹತ್ತರಗಿಯಂಥ ವಿಶೇಷ ಆರ್ಥಿಕ ವಲಯದೊಳಗಿನ ಘಟಕದ ಸಂಖ್ಯೆ 29ರಿಂದಲೇ ಶುರುವಾದರೂ, ಅಲ್ಲಿಗೆ ಹೋಗುವ ಮಾಲು ಅಂತರರಾಜ್ಯ ಪೂರೈಕೆ ಎಂದೇ ಲೆಕ್ಕ. ಅಂಥ ಪಾರ್ಟಿಗಳ ಲೆಡ್ಜರ್ ಹೆಸರಿನ ಹಿಂದೆಯೇ ಗುರುತು ಹಾಕಿ, ಆ ಬಿಲ್ಲನ್ನು ಚೀಟಿಗೆ ಒಪ್ಪಿಸದೆ ಅಕೌಂಟೆಂಟ್ ಕೈಗೆ ಕೊಡಿ.

ಬಿಲ್ ಟು ಒಂದು ಕಡೆ, ಶಿಪ್ ಟು ಇನ್ನೊಂದು ಕಡೆ ಇದ್ದಾಗ ಇ-ವೇ ಬಿಲ್ಲಿನಲ್ಲೂ ಹಾಗೆಯೇ ಆರಿಸಿ. ಇಲ್ಲವಾದರೆ ಎಸ್‌ಜಿಎಸ್‌ಟಿ ಬಿಲ್ಲು ಹಿಡಿದುಕೊಂಡು ಕೊಗನೊಳ್ಳಿ ದಾಟುತ್ತಿರುವ ಗಾಡಿಯ ಬಗ್ಗೆ ಕೇಳಿದವರಿಗೆ ಉತ್ತರ ಕೊಡಲು ಡ್ರೈವರ್ ಹತ್ತಿರ ಏನೂ ಇರುವುದಿಲ್ಲ.

4. ಎರಡನೆಯವರ ಕಣ್ಣು. ಪ್ರತಿ ಬಿಲ್ಲಿಗೆ ಬೇಡ. ಬಿಲ್ ಟು, ಶಿಪ್ ಟು ಬೇರೆಯಾಗಿರುವವು, ಹೊಸ ಪಾರ್ಟಿಯ ಮೊದಲ ಬಿಲ್ಲು, ದರ ಬದಲಾದ ನಂತರದ ಮೊದಲ ಬಿಲ್ಲು, ಈ ಮೂರಕ್ಕೆ ಸಾಕು. ವಿಧಾನ ಮುಖ್ಯ. ಒಬ್ಬರು ಪಿಒ ಹಿಡಿದು ಗಟ್ಟಿಯಾಗಿ ಓದಬೇಕು, ಬಿಲ್ ಮಾಡಿದವರು ಪರದೆಯ ಮೇಲೆ ಬೆರಳಿಟ್ಟು ಹುಡುಕಬೇಕು. ಪರದೆ ನೋಡುತ್ತ "ಸರಿ ಐತ್ರಿ" ಎನ್ನುವುದು ತಪಾಸಣೆಯಲ್ಲ. ಜಿಎಸ್‌ಟಿಐಎನ್ ಅನ್ನು ಎರಡು, ಹತ್ತು, ಮೂರು ಎಂದು ಒಡೆದು ಓದಿ: ರಾಜ್ಯ, ಪ್ಯಾನ್, ಉಳಿದದ್ದು. ಹದಿನೈದನ್ನೂ ಒಂದೇ ಉಸಿರಿಗೆ ಓದಿದರೆ ನಡುವಿನ ಅಂಕಿ ಅದಲುಬದಲಾದದ್ದು ಕಿವಿಗೆ ಬೀಳುವುದಿಲ್ಲ.

ತಪಾಸಣೆ ಮಾಡುವವರು ಬಿಲ್ ಮಾಡುವವರ ಮೇಲಧಿಕಾರಿ ಆಗದಿದ್ದರೆ ಒಳ್ಳೆಯದು. ಸಾಹೇಬರ ಮುಂದೆ ಕೆಳಗಿನವರು ತಪ್ಪು ಮುಚ್ಚಿಡುತ್ತಾರೆ, ಪಕ್ಕದ ಟೇಬಲ್ಲಿನವರಾದರೆ ಹೇಳುತ್ತಾರೆ.

5. ಸಂಜೆಯ ಮಾದರಿ ತಪಾಸಣೆ. ದಿನದ ಬಿಲ್ಲುಗಳಲ್ಲಿ ಐದನ್ನು ಎತ್ತಿ ಚೀಟಿ, ಪಿಒ, ಬಿಲ್ ಮೂರನ್ನೂ ತಾಳೆ ನೋಡಿ. ಇದು ಸಂಜೆಯೇ ಆಗಬೇಕು, ಏಕೆಂದರೆ 24 ಗಂಟೆ ಇನ್ನೂ ಮುಗಿದಿರುವುದಿಲ್ಲ. ವಾರದ ಕೊನೆಗೆ ಮಾಡುವವರು ಕ್ರೆಡಿಟ್ ನೋಟು ಬರೆಯಲು ತಯಾರಾಗಿ ಕೂರಬೇಕು.

ಸಿಕ್ಕ ತಪ್ಪನ್ನು ಒಂದು ಉದ್ದ ಪುಸ್ತಕದಲ್ಲಿ ಬರೆಯಿರಿ: ದಿನಾಂಕ, ಬಿಲ್ ನಂಬರ್, ಯಾವ ಸಾಲು, ಎಲ್ಲಿ ಸಿಕ್ಕಿತು. ಮಾಡಿದವರ ಹೆಸರು ಬೇಡ. ಹೆಸರು ಬರೆಯತೊಡಗಿದ ವಾರದಿಂದಲೇ ಪುಸ್ತಕದಲ್ಲಿ ತಪ್ಪು ಬರುವುದು ನಿಲ್ಲುತ್ತದೆ, ಬಿಲ್ಲಿನಲ್ಲಿ ನಿಲ್ಲುವುದಿಲ್ಲ. ಎರಡನೆಯ, ಮೂರನೆಯ ಸಾಲು ತುಂಬಿಯೂ ತೆರಿಗೆ ತಪ್ಪಿದೆ ಎಂದರೆ, ಚೀಟಿಯನ್ನು ಗಾಡಿ ಹೋದ ಮೇಲೆ ತುಂಬುತ್ತಿದ್ದಾರೆ ಎಂದರ್ಥ. ಚೀಟಿಯ ತುದಿಯಲ್ಲಿ ಸಮಯ ಬರೆಸಿ, ಐಆರ್‌ಎನ್ ಬಂದ ಸಮಯದ ಜೊತೆ ಹೋಲಿಸಿ.

6. ಮೂರು ತಿಂಗಳಿಗೊಮ್ಮೆ ಚೀಟಿ ತಿದ್ದಿ. ಒಂದೂ ತಪ್ಪು ಹಿಡಿಯದ ಸಾಲನ್ನು ತೆಗೆದು, ಪುಸ್ತಕದಲ್ಲಿ ಹೊಸದಾಗಿ ಕಂಡದ್ದನ್ನು ಆ ಜಾಗಕ್ಕೆ ಹಾಕಿ. ಆರನೆಯ ಸಾಲು ಸೇರಿಸಲೇಬೇಕೆಂದು ಸಾಹೇಬರು ಹಟ ಹಿಡಿದರೆ, ಯಾವ ಸಾಲು ತೆಗೆಯಲಿ ಎಂದು ಅವರನ್ನೇ ಕೇಳಿ. ಲ್ಯಾಮಿನೇಶನ್ ಮಾಡಿಸುವುದಂತೂ ಬೇಡವೇ ಬೇಡ. ಇನ್ನೂರು ರೂಪಾಯಿ ಕೊಟ್ಟು ಮಾಡಿಸಿದ್ದನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಎ-4 ಹಾಳೆಯಲ್ಲಿ ನಾಲ್ಕು ಚೀಟಿ ಬರುವಂತೆ ಝೆರಾಕ್ಸ್ ಮಾಡಿಸಿ, ತುಂಬಿದ ಚೀಟಿಯನ್ನು ಬಿಲ್ಲಿನ ಆಫೀಸ್ ಪ್ರತಿಗೆ ಪಿನ್ ಮಾಡಿ ಇಡಿ.