ನೀರಿನ ಕ್ಯಾನು ಕೊಳ್ಳುವ ಮೊದಲು ಲೇಬಲ್ ಓದುವ ಬಗೆ

20 ಲೀಟರಿನ ಕ್ಯಾನು ಮನೆಯೊಳಗೆ ಬಂದಾಗ ನಾನು ಮೊದಲು ನೋಡುವುದು ಮುಚ್ಚಳವನ್ನು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದರಲ್ಲಿ ರೋಗಾಣುಗಳಿಲ್ಲವೆಂದು ಹೇಳಲಾಗದು. ಆದರೆ ಮುಚ್ಚಳದ ಸೀಲ್ ಸಡಿಲವಾಗಿದ್ದರೆ ಅಥವಾ ಹರಿದಿದ್ದರೆ, ಆ ಕ್ಯಾನನ್ನು ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಯಾರೋ ತೆರೆದಿರಬಹುದೆಂದು ತಿಳಿಯಬಹುದು.

ಆಮೇಲೆ ಲೇಬಲ್. ನಾವೆಲ್ಲ ರೂಢಿಯಲ್ಲಿ ಕ್ಯಾನಿನ ನೀರನ್ನು ಮಿನರಲ್ ವಾಟರ್ ಎನ್ನುತ್ತೇವಾದರೂ ಸಾಮಾನ್ಯವಾಗಿ ನಮಗೆ ಸಿಗುವುದು ಶುದ್ಧೀಕರಿಸಿ ತುಂಬಿದ ಕುಡಿಯುವ ನೀರು. ಅದರ ಮಾನಕ IS 14543. ನೈಸರ್ಗಿಕ ಖನಿಜಯುಕ್ತ ನೀರಿನದು IS 13428. ಅಂಥ ನೀರಿನ ಲೇಬಲ್ಲಿನಲ್ಲಿ ಅದು ಯಾವ ಸ್ಥಳದ ಯಾವ ಸೆಲೆಯದೆಂದು ಮುದ್ರಿಸಿರಬೇಕು. ಸೆಲೆಯ ಹೆಸರೇ ಇಲ್ಲದೆ ಬೆಟ್ಟ ಮತ್ತು ಜಲಪಾತದ ಚಿತ್ರ ಮಾತ್ರ ಇದ್ದರೆ ಅದನ್ನು ಅಲಂಕಾರವೆಂದೇ ತಿಳಿಯಬೇಕು.

ಐಎಸ್‌ಐ ಗುರುತಿನ ಮೇಲ್ಭಾಗದಲ್ಲಿ ಈ ಮಾನಕದ ಸಂಖ್ಯೆಯೂ ಕೆಳಭಾಗದಲ್ಲಿ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತವೆ. ಈ ಗುರುತು ಮೊದಲು ಕಡ್ಡಾಯವಾಗಿತ್ತು. 2024ರ ಅಕ್ಟೋಬರಿನಲ್ಲಿ ಆ ಕಡ್ಡಾಯವನ್ನು ತೆಗೆದರು. ಹಾಗಾಗಿ ಗುರುತು ಇಲ್ಲವೆಂಬ ಒಂದೇ ಕಾರಣಕ್ಕೆ ನೀರು ಕೆಟ್ಟದ್ದೆನ್ನಲಾಗದು. ಆದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಪರವಾನಗಿ ಸಂಖ್ಯೆಗೆ ವಿನಾಯಿತಿಯಿಲ್ಲ. ಗುರುತು ಇಲ್ಲದಿರುವುದಕ್ಕಿಂತ ಸುಳ್ಳು ಗುರುತು ಇರುವುದು ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯಕಾರಿ.

ಒಮ್ಮೆ ಹೊಸಬನೊಬ್ಬ ಕ್ಯಾನು ತರತೊಡಗಿದ. ಲೇಬಲ್ ಅಚ್ಚುಕಟ್ಟಾಗಿತ್ತು, ಐಎಸ್‌ಐ ಗುರುತೂ ಇತ್ತು. ಮೊಮ್ಮಗಳ ಕೈಯಲ್ಲಿ, ಐಎಸ್‌ಐ ಗುರುತಿನ ಪರವಾನಗಿ ಕೊಡುವ ಸಂಸ್ಥೆಯ BIS CARE ಆ್ಯಪ್ ತೆರೆಸಿ, "Verify Licence Details" ಎಂಬಲ್ಲಿ ಆ CM/L ಸಂಖ್ಯೆಯನ್ನು ಹಾಕಿಸಿದೆ. ತೆರೆಯ ಮೇಲೆ ಬಂದದ್ದು ಬೇರೊಂದು ಘಟಕದ ಹೆಸರು, ಬೇರೆ ವಿಳಾಸ. ಪರವಾನಗಿಯ ಅವಧಿಯೂ ಮುಗಿದಿತ್ತು. ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದಾಗ ಹೊಸ ಲೇಬಲ್ಲಿನ ಅಂಚಿನಿಂದಾಚೆ ಹಳೆಯದೊಂದರ ಅಂಟಿನ ಗೆರೆ ಕಂಡಿತು, ತಳದಲ್ಲಿ ತೆಳುವಾಗಿ ಹಸಿರು ಕಟ್ಟಿತ್ತು. ಹಿಂದಿನ ವಾರದ ಕ್ಯಾನಿನ ಮೇಲಿದ್ದ ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕಗಳೇ ಇದರ ಮೇಲೂ ಇದ್ದವು. ನೀರು ಎಲ್ಲಿ ತುಂಬುತ್ತೀರಿ ಎಂದು ಕೇಳಿದರೆ, "ನಾನು ಬರೀ ತಂದು ಹಾಕೋನು ಅಜ್ಜಿ, ಅದೆಲ್ಲ ಓನರ್‌ಗೆ ಗೊತ್ತು" ಎಂದ. ಬಿಲ್ಲು ಕೇಳಿದ್ದಕ್ಕೆ ಮುಂದಿನ ಸಲ ಕೊಡುತ್ತೇನೆಂದ.

ಲೇಬಲ್ಲಿನ ಮತ್ತು ಮುಚ್ಚಳದ ಚಿತ್ರ ತೆಗೆಸಿ, ಎಫ್‌ಎಸ್‌ಎಸ್‌ಎಐನ Food Safety Connect ಆ್ಯಪ್‌ನಲ್ಲಿ ದೂರು ದಾಖಲಿಸಿ, ತೆರೆಯದೆ ಇದ್ದ ಇನ್ನೊಂದು ಕ್ಯಾನನ್ನು ಸೀಲ್ ಸಮೇತ ಹಾಗೆಯೇ ಮೂಲೆಯಲ್ಲಿ ಎತ್ತಿಟ್ಟೆ. ಅಧಿಕಾರಿಗಳು ಕೇಳಿದರೆ ತೋರಿಸಲು ಬೇಕಾಗುತ್ತದೆಂದು.